ಹೊಸ ಕಾರ್ಡ್ ಬಂತು, ಚಂದಾ ನಿಂತಿತು

ಧಾರವಾಡದಲ್ಲಿರುವ ನಮ್ಮಕ್ಕ ನಿವೃತ್ತಿಯ ಮೇಲೆ ಹಿಂದೂಸ್ತಾನಿ ಸಂಗೀತ ಕಲಿಯಲು ಒಂದು ಆ್ಯಪಿನ ಚಂದಾದಾರಳಾದಳು. ವರ್ಷಕ್ಕೆ 1,799 ರೂಪಾಯಿ. ಅಕ್ಟೋಬರ್ 12ಕ್ಕೆ ಹಣ ತಾನಾಗಿ ಕಡಿತವಾಗಿ ಚಂದಾ ಮುಂದುವರಿಯಬೇಕಿತ್ತು. ಆ ದಿನ ತೆರೆದು ನೋಡಿದರೆ, ಅವಳು ಗುರುತು ಹಾಕಿಕೊಂಡಿದ್ದ ಪಾಠಗಳಿಗೆಲ್ಲ ಬೀಗ ಬಿದ್ದಿತ್ತು. ನನಗೆ ಫೋನ್ ಮಾಡಿದಳು: ‘ತಮ್ಮಾ, ಖಾತೆದಾಗ ರೊಕ್ಕ ಐತಿ, ಕಾರ್ಡಿನ ನಂಬರೂ ಅದೇ ಐತಿ. ಮತ್ಯಾಕ ಬಂದ್ ಆತು?’

ಅವಳು ಹೇಳಿದ್ದು ನಿಜ. ಹಳೆಯ ಡೆಬಿಟ್ ಕಾರ್ಡಿನ ಅವಧಿ 09/25ಕ್ಕೆ ಮುಗಿಯುವುದಿತ್ತು. ಬ್ಯಾಂಕಿನವರು ಆಗಸ್ಟ್‌ನಲ್ಲೇ ಹೊಸದನ್ನು ಅಂಚೆಯಲ್ಲಿ ಕಳಿಸಿದ್ದರು. ಮುಂಭಾಗದ ಹದಿನಾರು ಅಂಕಿ ಅವೇ. ಬದಲಾಗಿದ್ದು ಅವಧಿ ಮುಗಿಯುವ ತಿಂಗಳು-ವರ್ಷ ಮತ್ತು ಹಿಂಭಾಗದ ಸಿವಿವಿ ಮಾತ್ರ.

ಅಕ್ಕನ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಆ್ಯಪಿನವರ ಬಳಿ ಅವಳ ಕಾರ್ಡಿನದ್ದು ಏನಿದೆ ಎಂದು ಮೊದಲು ನೋಡಬೇಕು. ಅವರ ಬಳಿ ಕಾರ್ಡ್ ನಂಬರೇ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ನಮ್ಮ ದೇಶದಲ್ಲಿ ಯಾವ ವ್ಯಾಪಾರಿಯೂ ಗ್ರಾಹಕರ ಪೂರ್ತಿ ಕಾರ್ಡ್ ನಂಬರನ್ನು ಇಟ್ಟುಕೊಳ್ಳುವಂತಿಲ್ಲ. ಗುರುತಿಗೆಂದು ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರು ಇಟ್ಟುಕೊಳ್ಳಬಹುದು, ಅಷ್ಟೇ. ‘ಕಾರ್ಡ್ ಉಳಿಸಿಕೊಳ್ಳಲೇ?’ ಎಂದು ಕೇಳಿದಾಗ ನಾವು ಒಪ್ಪಿ ಒಟಿಪಿ ಕೊಟ್ಟರೆ, ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲ ನಮ್ಮ ನಂಬರಿನ ಬದಲಿಗೆ ಬೇರೊಂದು ನಂಬರನ್ನು ಹುಟ್ಟಿಸಿ ವ್ಯಾಪಾರಿಗೆ ಕೊಡುತ್ತದೆ. ಅದೇ ಟೋಕನ್. ನೋಡಲು ಕಾರ್ಡ್ ನಂಬರಿನಂತೆಯೇ ಇರುತ್ತದೆ, ಆದರೆ ಆ ಒಬ್ಬ ವ್ಯಾಪಾರಿಯ ಬಳಿ ಮಾತ್ರ ನಡೆಯುತ್ತದೆ. ಅದೇ ಕಾರ್ಡನ್ನು ಐದು ಕಡೆ ಉಳಿಸಿದರೆ ಐದು ಬೇರೆ ಬೇರೆ ಟೋಕನ್. ಒಂದು ಕಡೆಯದನ್ನು ಕಳ್ಳರು ಕದ್ದರೂ ಇನ್ನೊಂದು ಕಡೆ ಅದು ಚಲಾವಣೆಯಾಗದು. ಯಾವ ಟೋಕನ್ ಯಾವ ಕಾರ್ಡಿನದ್ದು ಎಂಬ ಲೆಕ್ಕ ಜಾಲದವರ ಭದ್ರ ದಾಸ್ತಾನಿನಲ್ಲಿರುತ್ತದೆ, ವ್ಯಾಪಾರಿಗೆ ಅದು ಕಾಣುವುದಿಲ್ಲ.

ಈ ಏರ್ಪಾಡಿನಿಂದ ಒಂದು ದೊಡ್ಡ ಅನುಕೂಲವಾಗಬಹುದು. ಹೊಸ ಕಾರ್ಡ್ ಕೊಟ್ಟ ಬ್ಯಾಂಕು ಅದರ ವಿವರವನ್ನು ಜಾಲಕ್ಕೆ ತಿಳಿಸಿದರೆ ಸಾಕು, ದಾಸ್ತಾನಿನಲ್ಲಿ ಹಳೆಯ ಅವಧಿಯ ಜಾಗಕ್ಕೆ ಹೊಸದು ಬರುತ್ತದೆ. ವ್ಯಾಪಾರಿಯ ಬಳಿಯ ಟೋಕನ್ ಹಾಗೆಯೇ ಉಳಿಯುತ್ತದೆ. ಕಾರ್ಡ್ ಕಳೆದುಹೋಗಿ ಇಡೀ ನಂಬರು ಬದಲಾದರೂ ಇದು ಸಾಧ್ಯ. ಟೋಕನ್ ಬರುವುದಕ್ಕೆ ಮುಂಚೆ ಇದೇ ಕೆಲಸಕ್ಕೆ ವೀಸಾದವರ ‘ಅಕೌಂಟ್ ಅಪ್‌ಡೇಟರ್’, ಮಾಸ್ಟರ್‌ಕಾರ್ಡಿನವರ ‘ಆಟೊಮ್ಯಾಟಿಕ್ ಬಿಲ್ಲಿಂಗ್ ಅಪ್‌ಡೇಟರ್’ ಎಂಬ ಸೇವೆಗಳು ಹುಟ್ಟಿಕೊಂಡಿದ್ದವು, ಈಗಲೂ ಇವೆ. ವ್ಯಾಪಾರಿ ತನ್ನಲ್ಲಿರುವ ಕಾರ್ಡ್ ನಂಬರುಗಳನ್ನು ಕಳಿಸಿದರೆ, ಯಾವುದರ ಅವಧಿ ಬದಲಾಗಿದೆ, ಯಾವ ಖಾತೆ ಮುಚ್ಚಿದೆ ಎಂಬ ಉತ್ತರ ಬರುತ್ತದೆ. ಅಮೆರಿಕದಲ್ಲಿರುವ ನಮ್ಮವರಿಗೆ ಇದು ಗೊತ್ತಿರುತ್ತದೆ. ಹೊಸ ಕಾರ್ಡಿನ ಲಕೋಟೆ ಒಡೆಯುವ ಮೊದಲೇ ಅದರ ಮೇಲೆ ಹಳೆಯ ಚಂದಾ ಬಿದ್ದಿರುತ್ತದೆ. ಕಾರ್ಡ್ ಬದಲಾಯಿತಲ್ಲ, ಬೇಡದ ಚಂದಾ ತಾನಾಗಿ ನಿಂತೀತು ಎಂದು ನಂಬಿಕೊಂಡವರಿಂದಲೂ ಹಣ ಹೋಗಿರುತ್ತದೆ.

ನಮ್ಮಲ್ಲಿ ಹಾಗಿಲ್ಲ. ವ್ಯಾಪಾರಿಯ ಬಳಿ ನಂಬರೇ ಇಲ್ಲದ ಮೇಲೆ ಅಪ್‌ಡೇಟರ್‌ಗೆ ಕಳಿಸಲು ಪಟ್ಟಿಯೂ ಇಲ್ಲ. ಟೋಕನ್ ದಾರಿಗಂತೂ ರಿಸರ್ವ್ ಬ್ಯಾಂಕ್ 2021ರ ಸೆಪ್ಟೆಂಬರ್ ಸುತ್ತೋಲೆಯಲ್ಲಿ ಒಂದು ಷರತ್ತು ಹಾಕಿತು: ಕಾರ್ಡ್ ನವೀಕರಣವಾದರೆ ಅಥವಾ ಬದಲಾದರೆ, ಹಿಂದೆ ನೋಂದಾಯಿಸಿದ್ದ ವ್ಯಾಪಾರಿಗಳ ಜೊತೆ ಹೊಸ ಕಾರ್ಡನ್ನು ಜೋಡಿಸುವ ಮುನ್ನ ಬ್ಯಾಂಕು ಗ್ರಾಹಕರ ಸ್ಪಷ್ಟ ಒಪ್ಪಿಗೆ ಪಡೆಯಬೇಕು. ತಾಂತ್ರಿಕವಾಗಿ ಸದ್ದಿಲ್ಲದೆ ಆಗಬಹುದಾದ ಕೆಲಸದ ನಡುವೆ ಒಂದು ಪ್ರಶ್ನೆಯನ್ನು ಬೇಕೆಂದೇ ಇಟ್ಟಿದ್ದಾರೆ. ನನ್ನ ಮಟ್ಟಿಗೆ ಇದು ಸರಿಯಾದ ನಿರ್ಧಾರ. ಎಲ್ಲೆಲ್ಲಿ ಕಾರ್ಡ್ ಕೊಟ್ಟಿದ್ದೇವೆ ಎಂಬುದು ನಮಗೇ ನೆನಪಿಲ್ಲದಿರುವಾಗ, ಐದು ವರ್ಷಕ್ಕೊಮ್ಮೆ ಯಾರಾದರೂ ಕೇಳುವುದು ಒಳ್ಳೆಯದೇ. ತೊಂದರೆ ಇರುವುದು ಕೇಳುವ ರೀತಿಯಲ್ಲಿ. ಅಕ್ಕನಿಗೂ ಆಗಸ್ಟ್‌ನಲ್ಲಿ ಸಂದೇಶ ಬಂದಿತ್ತು, ಲಿಂಕ್ ಸಮೇತ. ‘ಅಪರಿಚಿತ ಲಿಂಕ್ ಒತ್ತಬೇಡಿ’ ಎಂದು ಅದೇ ಬ್ಯಾಂಕು ವರ್ಷಗಟ್ಟಲೆ ಹೇಳಿಕೊಟ್ಟಿದ್ದರಿಂದ ಅವಳು ಒತ್ತಲಿಲ್ಲ. ಅವಳದು ತಪ್ಪೆಂದು ನಾನು ಹೇಳಲಾರೆ.

ಟೋಕನ್ ಜೊತೆಗೆ ಇನ್ನೊಂದು ಎಳೆಯೂ ಇದೆ. ಪ್ರತಿ ತಿಂಗಳು ಅಥವಾ ವರ್ಷ ಹಣ ತಾನಾಗಿ ಕಡಿತವಾಗಲಿ ಎಂದು ನಾವು ಕೊಡುವ ಅನುಮತಿಗೆ ಇ-ಮ್ಯಾಂಡೇಟ್ ಎನ್ನುತ್ತಾರೆ. ಟೋಕನ್ ಎಂದರೆ ಯಾವ ಕಾರ್ಡ್ ಎಂಬ ಗುರುತು, ಮ್ಯಾಂಡೇಟ್ ಎಂದರೆ ಕೇಳದೆ ತೆಗೆದುಕೊಳ್ಳಬಹುದು ಎಂಬ ಮಾತು. ಮ್ಯಾಂಡೇಟ್ ಕೊಡುವಾಗ ಒಂದು ಸಲ ಒಟಿಪಿ ಬೇಕು. ಆಮೇಲೆ 15,000 ರೂಪಾಯಿವರೆಗಿನ ಕಡಿತಕ್ಕೆ ಒಟಿಪಿ ಬೇಡ. ಆದರೆ ಕನಿಷ್ಠ 24 ಗಂಟೆ ಮೊದಲು, ಇಂಥವರಿಗೆ ಇಷ್ಟು ಹಣ ಹೋಗಲಿದೆ ಎಂದು ಬ್ಯಾಂಕು ತಿಳಿಸಬೇಕು. ಅನುಮತಿಗೆ ಅದರದೇ ಅವಧಿಯೂ ಇರುತ್ತದೆ. ಕಾರ್ಡ್, ಟೋಕನ್, ಮ್ಯಾಂಡೇಟ್ ಈ ಮೂರರಲ್ಲಿ ಯಾವ ಒಂದು ಎಳೆ ಕಡಿದರೂ ಚಂದಾ ನಿಲ್ಲುತ್ತದೆ, ಉಳಿದೆರಡು ಎಷ್ಟೇ ಗಟ್ಟಿಯಾಗಿದ್ದರೂ.

ಅಕ್ಕನ ಫೋನಿನಲ್ಲಿ ನಾನು ಮೊದಲು ಹುಡುಕಿದ್ದು ಆ 24 ಗಂಟೆ ಮುಂಚಿನ ಸಂದೇಶವನ್ನು. ಹಿಂದಿನ ವರ್ಷದ್ದು ಸಿಕ್ಕಿತು, ಈ ವರ್ಷದ್ದು ಇರಲಿಲ್ಲ. ಅಂದರೆ ಸಮಸ್ಯೆ ಖಾತೆಯ ಹಣದ್ದಲ್ಲ, ಎಳೆ ಅದಕ್ಕೂ ಮುಂಚೆಯೇ ಎಲ್ಲೋ ಕಡಿದಿದೆ ಎಂದು ಊಹಿಸಿದೆ. ಆ್ಯಪಿನ ಸಹಾಯವಾಣಿಯವರನ್ನು ಕೇಳಿದಾಗ ಬ್ಯಾಂಕಿನಿಂದ ಬಂದ ಉತ್ತರದ ಸಂಕೇತ ಓದಿ ಹೇಳಿದರು: 54. ಕಾರ್ಡ್ ಜಾಲಗಳಲ್ಲಿ ಬಳಕೆಯಲ್ಲಿರುವ ಸಂಕೇತಗಳ ಪ್ರಕಾರ 54 ಎಂದರೆ ಅವಧಿ ಮುಗಿದ ಕಾರ್ಡ್. 51 ಎಂದಿದ್ದರೆ ಖಾತೆಯಲ್ಲಿ ಹಣ ಸಾಲದು ಎಂದಾಗುತ್ತಿತ್ತು. ಈ ವ್ಯತ್ಯಾಸ ತಿಳಿದರೆ ಮುಂದಿನ ಹೆಜ್ಜೆ ಸುಲಭ. 51 ಬಂದರೆ ನಾಲ್ಕು ದಿನ ಬಿಟ್ಟು, ಪಿಂಚಣಿ ಜಮೆಯಾದ ಮೇಲೆ ವ್ಯಾಪಾರಿ ಮತ್ತೆ ಯತ್ನಿಸಿದರೆ ಹಣ ಹೋಗಬಹುದು. 54 ಬಂದರೆ ನೂರು ಸಲ ಯತ್ನಿಸಿದರೂ ಅಷ್ಟೇ, ಕಾರ್ಡಿನ ವಿವರ ಹೊಸದಾಗಬೇಕು. ಅವಧಿ ತಾನಾಗಿ ಬದಲಾಗುವ ದೇಶಗಳಲ್ಲೂ ಟೋಕನ್ ತಪ್ಪಿಸುವುದು ಈ ಎರಡನೆಯ ಬಗೆಯ ವೈಫಲ್ಯವನ್ನಷ್ಟೇ. ಹಣವಿಲ್ಲದ ಖಾತೆಗೂ, ಬ್ಯಾಂಕನ್ನೇ ಬದಲಿಸಿದವರಿಗೂ ಅದರಿಂದ ಉಪಯೋಗವಿಲ್ಲ.

ಆ ಸಂಜೆ ನಾವು ಮಾಡಿದ್ದು ಇಷ್ಟು. ಆ್ಯಪಿನಲ್ಲಿ ಹಳೆಯ ಕಾರ್ಡನ್ನು ತೆಗೆದುಹಾಕಿ, ಅದೇ ಹದಿನಾರು ಅಂಕಿಯನ್ನು ಹೊಸ ಅವಧಿ ಮತ್ತು ಸಿವಿವಿಯೊಂದಿಗೆ ಮತ್ತೆ ತುಂಬಿದೆವು. ‘ಕಾರ್ಡ್ ಉಳಿಸು’ ಮತ್ತು ‘ತಾನಾಗಿ ನವೀಕರಿಸು’ ಎರಡಕ್ಕೂ ಗುರುತು ಹಾಕಿದೆವು. ಮೊದಲನೆಯದು ಟೋಕನ್‌ಗೆ, ಎರಡನೆಯದು ಮ್ಯಾಂಡೇಟ್‌ಗೆ. ಬರೀ ಮೊದಲನೆಯದನ್ನು ಒತ್ತಿ ಬಿಟ್ಟವರಿಗೆ ಮುಂದಿನ ವರ್ಷ ಮತ್ತೆ ಇದೇ ಗೋಳು. ಒಟಿಪಿ ಬಂತು, 1,799 ಹೋಯಿತು, ಪಾಠಗಳ ಬೀಗ ತೆರೆಯಿತು.

ಆಮೇಲೆ ಬ್ಯಾಂಕಿನ ಆ್ಯಪನ್ನು ತೆರೆದೆವು. ಯಾವ ಯಾವ ವ್ಯಾಪಾರಿಗಳ ಬಳಿ ನಮ್ಮ ಟೋಕನ್ ಇದೆ ಎಂದು ನೋಡಿ ಬೇಡವಾದದ್ದನ್ನು ಅಳಿಸುವ ಅವಕಾಶವನ್ನು ಪ್ರತಿ ಬ್ಯಾಂಕೂ ಕೊಡಬೇಕೆಂದು ಅದೇ ಸುತ್ತೋಲೆಯಲ್ಲಿದೆ. ಹೊಸ ಕಾರ್ಡ್ ಕೈಗೆ ಬಂದ ವಾರವೇ ನೋಡಬೇಕಾದ ಪುಟ ಅದು. ಅಕ್ಕನ ಪಟ್ಟಿಯಲ್ಲಿ ಆರು ಹೆಸರಿದ್ದವು. ಮೊಮ್ಮಗ ಮೂರು ವರ್ಷದ ಹಿಂದೆ ರಜೆಗೆ ಬಂದಾಗ ಸೇರಿಸಿದ್ದ ಆಟದ ಆ್ಯಪ್ ಒಂದನ್ನು ನೋಡಿ, ‘ಇದು ಇನ್ನೂ ಐತೇನು!’ ಎಂದು ತಾನೇ ಅಳಿಸಿದಳು. ಉಳಿದ ಐದನ್ನು ಕಾಗದದ ಮೇಲೆ ಬರೆದು ಹೊಸ ಕಾರ್ಡ್ ಬಂದ ಲಕೋಟೆಯೊಳಗೆ ಇಟ್ಟಿದ್ದಾಳೆ, ಪಕ್ಕದಲ್ಲಿ 09/30 ಎಂದು ಬರೆದು.