‘ಒಟ್ಟು 2,600 ಆಗುತ್ತೆ’

ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿ ಘಾಟಿ ಹತ್ತಿಸಿದ ಮೇಲೆ ನನ್ನ ಹಳೇ ಬೈಕಿನ ಕ್ಲಚ್ ಜಾರತೊಡಗಿತು. ಗ್ಯಾರೇಜಿನಲ್ಲಿ ‘ಒಟ್ಟು 2,600’ ಎಂದರು. ‘ಅಣ್ಣಾ, ಸಾಮಾನು, ಕೂಲಿ ಬೇರೆ ಬೇರೆ ಬರೆದುಕೊಡಿ’ ಎಂದೆ.

ಕ್ಲಚ್ ಪ್ಲೇಟ್ 1,500, ಕೇಬಲ್ 200, ಆಯಿಲ್ 400, ಕೂಲಿ 500. ಕೂಲಿಗೆ ತಕರಾರಿಲ್ಲ, ಆಯಿಲ್ ಇಳಿಸಿ, ಇಂಜಿನ್ ಕವರ್ ಬಿಚ್ಚುವ ಕೆಲಸ. ಆದರೆ ಪ್ಲೇಟಿನ ಡಬ್ಬಿಯ ಮೇಲೆ ಬೈಕ್ ಕಂಪನಿಯ ಹೆಸರೇ ಇರಲಿಲ್ಲ, ಎಂಆರ್‌ಪಿ 850! ಬೇರೆ ಕಂಪನಿಯ ಮಾಲಿಗೆ ಒರಿಜಿನಲ್ ರೇಟು.

‘1,500 ಕೊಡ್ತೀನಿ, ಒರಿಜಿನಲ್ ತರಿಸಿ’ ಎಂದೆ. ಅಗ್ಗದ್ದು ಬೇಗ ಸವೆದರೆ ಕೂಲಿ, ಆಯಿಲ್ ಎರಡನ್ನೂ ಮತ್ತೆ ತೆರಬೇಕಲ್ಲ. ಕೇಬಲ್ ಮಾತ್ರ ಬೇರೆ ಕಂಪನಿಯದೇ ಸಾಕೆಂದೆ. ಅದನ್ನು ಬದಲಿಸಲು ಇಂಜಿನ್ ಬಿಚ್ಚಬೇಕಿಲ್ಲ.

ಹೊರಡುವಾಗ ಹಳೇ ಪ್ಲೇಟ್ ಕೇಳಿ ಪಡೆದೆ. ನಿಜಕ್ಕೂ ಸುಟ್ಟು ಕಪ್ಪಾಗಿತ್ತು.