‘ಬಿದ್ದಳು’ ಅಲ್ಲ, ‘ತಳ್ಳಿದ’: ಇನ್ನೊಬ್ಬ ಮಗುವಿನ ಅಪ್ಪ-ಅಮ್ಮನಿಗೆ ಬರೆಯುವ ಮೆಸೇಜ್

ಈ ಸಲದ ವಿಡಿಯೋದಲ್ಲಿ ಒಂದು ವಾಟ್ಸಾಪ್ ಮೆಸೇಜ್ ಬಗ್ಗೆ ಮಾತಾಡಿದೀನಿ. ಮಾತಿನ ಓಟದಲ್ಲಿ ಆ ಮೆಸೇಜನ್ನ ಪೂರ್ತಿ ಓದಿ ಹೇಳೋಕೆ ಆಗಲಿಲ್ಲ. ಹಾಗಾಗಿ ಮೊದಲು ಬರೆದದ್ದು, ಅಳಿಸಿದ್ದು, ಕೊನೆಗೆ ಕಳಿಸಿದ್ದು ಎಲ್ಲವನ್ನೂ ಇಲ್ಲಿ ನಿಧಾನವಾಗಿ ಇಡ್ತಾ ಇದೀನಿ.

ನಾವಿರೋದು ಹೈದರಾಬಾದಿನ ನಲ್ಲಗಂಡ್ಲದಲ್ಲಿ. ನಮ್ಮ ಬ್ಲಾಕ್‌ನಲ್ಲಿ ಕನ್ನಡದ ಮನೆ ಎರಡೇ. ಒಂದು ನಮ್ಮದು, ಇನ್ನೊಂದು ಮೇಲಿನ ಫ್ಲೋರಿನ ರಾಯಚೂರಿನವರದು. ಅಲ್ಲಿಂದ ಜೋಳದ ರೊಟ್ಟಿ ಕೆಳಗೆ ಬರುತ್ತೆ, ಇಲ್ಲಿಂದ ಅಕ್ಕಿ ರೊಟ್ಟಿ ಮೇಲೆ ಹೋಗುತ್ತೆ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಏನಾದ್ರೂ ಕಾರ್ಯಕ್ರಮ ಇದ್ರೆ ಎರಡೂ ಮನೆಯವರು ಒಂದೇ ಕಾರಲ್ಲಿ ಹೋಗ್ತೀವಿ. ಆ ಮನೆಯ ಹೆಂಗಸನ್ನ ನಾನು ಅಕ್ಕಾ ಅಂತೀನಿ, ಅವರು ನನ್ನನ್ನ ತಮ್ಮಾ ಅಂತಾರೆ. ಅವರ ಮಗಳಿಗೆ ಐದು ವರ್ಷ, ನನ್ನ ಮಗನಿಗೆ ಆರು.

ಒಂದು ದಿನ ಸಂಜೆ ಆರೂವರೆಗೆ ಅಕ್ಕ, “ತಮ್ಮಾ, ಹತ್ತು ನಿಮಿಷ ಇಕಿನ್ನೂ ನೋಡ್ಕೊ, ಹಾಲು ತಗೊಂಡ್ ಬರ್ತೀನಿ” ಅಂದ್ರು. ಸರಿ ಅಂದೆ. ಅಷ್ಟರಲ್ಲಿ ಆಫೀಸಿನ ಕಾಲ್ ಬಂತು, ಬೆಂಚಿನ ಮೇಲೆ ಕೂತು ಮಾತಾಡ್ತಾ ಇದ್ದೆ. ಅಳು ಕೇಳಿ ತಿರುಗಿದ್ರೆ ಹುಡುಗಿ ಜಾರುಬಂಡೆಯ ಏಣಿ ಕೆಳಗೆ ಬಿದ್ದಿದ್ದಾಳೆ, ಗದ್ದದಿಂದ ರಕ್ತ. ಅಕ್ಕ ಓಡಿ ಬಂದ್ರು. “ಮೆಟ್ಟಿಲಿಂದ ಬಿದ್ದುಬಿಟ್ಳು” ಅಂದೆ. ನಿಜ ಹೇಳ್ಬೇಕಂದ್ರೆ ನಾನು ನೋಡೇ ಇರಲಿಲ್ಲ. ಆಸ್ಪತ್ರೇಲಿ ಮೂರು ಹೊಲಿಗೆ ಬಿತ್ತು.

ಎಂಟೂವರೆಗೆ ಊಟಕ್ಕೆ ಕೂತಾಗ ಮಗ ತಟ್ಟೆ ನೋಡ್ತಾ ಹೇಳಿದ: “ಅಪ್ಪಾ, ನಾನೇ ತಳ್ಳಿದ್ದು.”

ಆ ಮೂಲೇಲಿ ಕ್ಯಾಮೆರಾ ಇಲ್ಲ. ಹುಡುಗಿಗೆ ಹಿಂದಿನಿಂದ ಏನಾಯ್ತು ಅಂತ ಗೊತ್ತಿಲ್ಲ. ಸುಮ್ಮನಿದ್ರೆ ಯಾರಿಗೂ ತಿಳೀತಾ ಇರಲಿಲ್ಲ. ಆದರೆ ಈಗ ಅವರ ಹತ್ರ ಇರೋ ತಪ್ಪು ಮಾಹಿತಿ ನಾನು ಕೊಟ್ಟಿದ್ದು.

ಮೊದಲ ಕರಡು

ಎರಡು ಸಲ ಫೋನ್ ಮಾಡ್ದೆ, ಎತ್ತಲಿಲ್ಲ. ನೋವಲ್ಲಿರೋ ಮಗುವನ್ನ ಮಲಗಿಸ್ತಾ ಇರೋ ತಾಯಿಗೆ ಮೂರನೇ ಸಲ ಫೋನ್ ಮಾಡೋದು ಸರಿಯಲ್ಲ. ಫೋನಲ್ಲಿ ತಕ್ಷಣ ಏನಾದ್ರೂ ಹೇಳಲೇಬೇಕಾಗುತ್ತೆ, ಮೆಸೇಜಾದ್ರೆ ಅವರಿಗೆ ಬೇಕಾದಾಗ ಓದ್ತಾರೆ. ಹಾಗಾಗಿ ಬರೆಯೋಕೆ ಕೂತೆ:

“ಅಕ್ಕಾ, ಪುಟ್ಟಿ ಹೇಗಿದ್ದಾಳೆ? ಇವತ್ತು ಹೀಗಾಗಿದ್ದಕ್ಕೆ ತುಂಬಾ ಬೇಜಾರಾಯ್ತು. ಮಕ್ಕಳು ಆಡುವಾಗ ಸ್ವಲ್ಪ ತಳ್ಳಾಟ ಆಗಿ ಬಿದ್ದುಬಿಟ್ಟಿದ್ದಾಳೆ. ನಮ್ಮವನೂ ತುಂಬಾ ಹೆದರಿದ್ದಾನೆ, ಊಟಾನೇ ಮಾಡಿಲ್ಲ. ದಯವಿಟ್ಟು ಏನೂ ಅನ್ಕೋಬೇಡಿ.”

ಹೆಂಡತಿಗೆ ತೋರಿಸ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಇದರಲ್ಲಿ ತಳ್ಳಿದವರು ಯಾರು?”

ಮತ್ತೆ ಓದ್ದೆ. ಯಾರೂ ಇರಲಿಲ್ಲ. ನಮ್ಮ ಭಾಷೇಲಿ ‘ಆಗು’ ಅನ್ನೋ ಕ್ರಿಯಾಪದ ಇದ್ಯಲ್ಲ, ಅದು ಮಾಡಿದವರನ್ನ ಸಲೀಸಾಗಿ ಮರೆಮಾಡುತ್ತೆ. ಏಟಾಯ್ತು, ಗಾಯ ಆಯ್ತು, ಜಗಳ ಆಯ್ತು. ಕೊನೆಗೆ ಕ್ಷಮೆ ಕೇಳುವಾಗಲೂ ‘ತಪ್ಪಾಯ್ತು’. ತಪ್ಪು ಮಳೆ ಹಾಗೆ ತಾನೇ ಬಂದು ಹೋದಂಗೆ! ದಿನದ ಮಾತಲ್ಲಿ ಇದರಿಂದ ತೊಂದರೆ ಏನಿಲ್ಲ, ‘ತಪ್ಪಾಯ್ತು’ ಅಂತ ಮುಖ ನೋಡಿ ಹೇಳಿದ್ರೆ ಅರ್ಥ ಆಗುತ್ತೆ. ಮೆಸೇಜಿನಲ್ಲಿ ಮುಖ ಇರಲ್ಲ, ವಾಕ್ಯ ಮಾತ್ರ ಇರುತ್ತೆ.

ನಮ್ಮ ಕೆಲಸದ ಅಭ್ಯಾಸವೂ ಇದಕ್ಕೆ ಸೇರ್ಕೊಳ್ಳುತ್ತೆ. ಪ್ರೊಡಕ್ಷನ್‌ನಲ್ಲಿ ಏನಾದ್ರೂ ಒಡೆದ್ರೆ ಆರ್‌ಸಿಎ ಬರೀತೀವಿ. ಅದರಲ್ಲಿ ಯಾರ ಹೆಸರೂ ಬರಬಾರದು, ಕಾರಣ ಮಾತ್ರ ಬರಬೇಕು. ಆಫೀಸಿಗೆ ಅದು ಸರಿ, ಯಾಕಂದ್ರೆ ಅಲ್ಲಿ ಸರಿ ಮಾಡಬೇಕಾಗಿರೋದು ಸಿಸ್ಟಂ. ಇಲ್ಲಿ ಗದ್ದ ಹರಿದ ಮಗುವಿನ ತಾಯಿಗೆ ಮೊದಲು ಬೇಕಾಗಿರೋದೇ ಯಾರು ಏನು ಮಾಡಿದ್ರು ಅನ್ನೋದು.

ಉಳಿದ ಎರಡು ವಾಕ್ಯಗಳಲ್ಲೂ ತೊಂದರೆ ಇತ್ತು. “ನಮ್ಮವನೂ ಹೆದರಿದ್ದಾನೆ” ಅನ್ನೋದು ನಿಜ, ಆದರೆ ಅದು ಅವರಿಂದ ಅನುಕಂಪ ಕೇಳುತ್ತೆ. “ಏನೂ ಅನ್ಕೋಬೇಡಿ” ಅನ್ನೋದು ಕೇಳೋಕೆ ವಿನಯ. ಆದರೆ ಅದನ್ನ ಓದಿದವರು “ಅಯ್ಯೋ ಇರ್ಲಿ ಬಿಡಪ್ಪಾ” ಅನ್ನಲೇಬೇಕು. ಅಂದ್ರೆ ಪೆಟ್ಟು ತಿಂದ ಮನೆಯವರೇ ನಮ್ಮನ್ನ ಸಮಾಧಾನ ಮಾಡೋ ಹಾಗಾಯ್ತು.

ಇದರ ಬಗ್ಗೆ ಒಂದು ಅಧ್ಯಯನ ಇದೆ. ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ರಾಯ್ ಲೆವಿಕಿ ಮತ್ತು ಜೊತೆಯವರು 2016ರಲ್ಲಿ ಪ್ರಕಟಿಸಿದ್ದು. ಕ್ಷಮಾಪಣೆಯ ಮಾತನ್ನ ಆರು ಭಾಗ ಮಾಡಿ, ಯಾವುದು ಓದುವವರಿಗೆ ಮುಖ್ಯ ಅನ್ಸುತ್ತೆ ಅಂತ ನೋಡಿದ್ರು. ಎಲ್ಲಕ್ಕಿಂತ ಮೇಲೆ ಬಂದಿದ್ದು ‘ಇದು ನನ್ನ ತಪ್ಪು’ ಅಂತ ಒಪ್ಕೊಳ್ಳೋದು, ಅದರ ನಂತರ ‘ಇದನ್ನ ಹೀಗೆ ಸರಿ ಮಾಡ್ತೀನಿ’ ಅನ್ನೋದು. ಕಟ್ಟಕಡೆಗೆ ಬಂದಿದ್ದು ‘ನನ್ನನ್ನ ಕ್ಷಮಿಸಿ’ ಅಂತ ಕೇಳೋದು. ಅದು ಆಫೀಸಿನ ಸಂದರ್ಭ ಇಟ್ಕೊಂಡು ಮಾಡಿದ ಅಧ್ಯಯನ, ಮಕ್ಕಳ ಆಟದ್ದಲ್ಲ. ಆದರೂ ನನ್ನ ಕರಡನ್ನ ಪಕ್ಕದಲ್ಲಿಟ್ಟು ನೋಡಿ. ಕೊನೆಯದ್ದು ಮಾತ್ರ ಇತ್ತು, ಮೊದಲಿನ ಎರಡೂ ಇರಲಿಲ್ಲ.

ಬರೆಯೋ ಮೊದಲು ಕೇಳಿದ್ದು

ಮಗನ ಪಕ್ಕ ನೆಲದ ಮೇಲೆ ಕೂತು ಮೂರೇ ಪ್ರಶ್ನೆ ಕೇಳ್ದೆ. ಅವಳು ಎಷ್ಟನೇ ಮೆಟ್ಟಿಲ ಮೇಲಿದ್ಳು? ನೀನು ಎಲ್ಲಿ ಕೈ ಹಾಕ್ದೆ? ಅವಳಿಗೆ ಮೊದಲು ಏನು ತಾಗ್ತು? ‘ಯಾಕೆ’ ಅಂತ ಕೇಳಲಿಲ್ಲ, ಅದು ಆಮೇಲೆ. ಟಾರ್ಚ್ ಹಿಡ್ಕೊಂಡು ಕೆಳಗೆ ಹೋಗಿ ಏಣಿ ನೋಡ್ಕೊಂಡು ಬಂದೆ.

ಇದು ಪತ್ತೇದಾರಿಕೆ ಅಲ್ಲ. ಮಗು ಬಿದ್ದಾಗ ಡಾಕ್ಟರ್ ಮೊದಲು ಕೇಳೋದೇ ಎಷ್ಟು ಎತ್ತರದಿಂದ, ಯಾವುದರ ಮೇಲೆ, ಹೇಗೆ ಅಂತ. ಗದ್ದಕ್ಕೆ ಜೋರಾಗಿ ಬಿದ್ದ ಏಟು ಅಲ್ಲೇ ನಿಲ್ಲಲ್ಲ. ಅದು ಕಿವಿಯ ಮುಂದೆ ಇರೋ ದವಡೆಯ ಕೀಲಿಗೂ ಹೋಗುತ್ತೆ, ಮಕ್ಕಳಲ್ಲಿ ಅಲ್ಲಿ ಮೂಳೆ ಬಿರುಕು ಬಿಡೋದುಂಟು. ಬಾಯಿ ಪೂರ್ತಿ ತೆರೆಯೋಕೆ ಆಗದಿದ್ರೆ, ಕಿವಿ ಮುಂದೆ ನೋವಿದ್ರೆ, ಹಲ್ಲು ಮೊದಲಿನ ಹಾಗೆ ಕೂಡದಿದ್ರೆ ತೋರಿಸಬೇಕು. ತಲೆಗೂ ಪೆಟ್ಟು ಬಿದ್ದಿರಬಹುದು ಅಂದ್ರೆ ಮೊದಲ ಒಂದೆರಡು ದಿನ ಕಣ್ಣಿಟ್ಟಿರಬೇಕು. ಪದೇ ಪದೇ ವಾಂತಿ, ಎಬ್ಬಿಸಿದ್ರೂ ಏಳದಂಥ ಮಂಪರು, ಹೆಚ್ಚುತ್ತಾ ಹೋಗೋ ತಲೆನೋವು ಕಂಡ್ರೆ ಬೆಳಗಿನವರೆಗೂ ಕಾಯೋ ಹಾಗಿಲ್ಲ. ‘ಬಿದ್ದುಬಿಟ್ಳು’ ಅಂತ ಬರೆದ್ರೆ ಈ ಮಾಹಿತಿ ಎಲ್ಲ ಹೂತುಹೋಗುತ್ತೆ. ಅದಕ್ಕೇ ಆ ರಾತ್ರಿ ಅದನ್ನ ಬರೀಲೇಬೇಕಿತ್ತು.

ಕಳಿಸಿದ್ದು

“ಅಕ್ಕಾ, ಸಂಜೆ ಪುಟ್ಟಿ ತಾನೇ ಬಿದ್ದಳು ಅಂತ ಹೇಳಿದ್ದೆ. ಅದು ತಪ್ಪು. ನಮ್ಮ ಮಗ ಹಿಂದಿನಿಂದ ಅವಳ ಬೆನ್ನಿಗೆ ಕೈ ಹಾಕಿ ತಳ್ಳಿದ್ದಾನೆ, ಈಗ ಅವನೇ ಹೇಳಿದ. ಅವಳು ಮೂರನೇ ಮೆಟ್ಟಿಲ ಮೇಲಿದ್ದಳು, ಸುಮಾರು ಎರಡೂವರೆ ಅಡಿ ಎತ್ತರ. ಗದ್ದ ಮೊದಲು ಮೇಲಿನ ಕಬ್ಬಿಣದ ಮೆಟ್ಟಿಲಿಗೆ ಬಡಿದು, ಆಮೇಲೆ ಕೆಳಗೆ ರಬ್ಬರ್ ಮ್ಯಾಟ್ ಮೇಲೆ ಬಿದ್ದಿದ್ದಾಳೆ. ತಲೆಗೆ ತಾಗಿತ್ತಾ ಅಂತ ಅವನಿಗೆ ಗೊತ್ತಿಲ್ಲ, ನಾನೂ ನೋಡಿಲ್ಲ. ಇದನ್ನ ಡಾಕ್ಟರಿಗೆ ಹೇಳಿ. ನೋಡ್ಕೊಳ್ತೀನಿ ಅಂತ ಒಪ್ಕೊಂಡು ನಾನು ಫೋನಲ್ಲಿದ್ದೆ. ಅದು ನನ್ನ ತಪ್ಪು. ರಾತ್ರಿ ಎಷ್ಟೊತ್ತಿಗೆ ಬೇಕಾದ್ರೂ ಕರೀರಿ, ಕಾರು ತೆಗೀತೀನಿ. ಆಸ್ಪತ್ರೆ ಖರ್ಚು ನಮ್ಮದು. ಹೊಲಿಗೆ ಬಿಚ್ಚೋ ದಿನ ನಾನೇ ಕರ್ಕೊಂಡು ಹೋಗ್ತೀನಿ. ಈಗ ಉತ್ತರ ಬರೀಬೇಕು ಅಂತೇನಿಲ್ಲ.”

ಇದರಲ್ಲಿ ಬೇಕಂತಲೇ ಬಿಟ್ಟಿದ್ದು ಎರಡು. ಒಂದು, ಅವನು ಯಾಕೆ ತಳ್ಳಿದ ಅನ್ನೋದು. ಅವಳು ಸಾಲು ತಪ್ಪಿಸಿ ಮುಂದೆ ಹತ್ತಿದ್ದಳಂತೆ. ಅದನ್ನ ಮೊದಲ ಮೆಸೇಜಲ್ಲೇ ಹಾಕಿದ್ರೆ, ಹೊಲಿಗೆ ಹಾಕಿಸ್ಕೊಂಡ ಮಗುವಿನ ಮೇಲೆ ನಾನು ದೂರು ಹೇಳಿದ ಹಾಗೆ. ಅವರಾಗಿ ಕೇಳಿದ್ರೆ ಮಾತ್ರ ಹೇಳ್ಬೇಕು.

ಇನ್ನೊಂದು, “ಅವನಿಗೆ ಚೆನ್ನಾಗಿ ಬಾರಿಸಿದೀನಿ” ಅನ್ನೋ ವಾಕ್ಯ. ನಮ್ಮ ಕಡೆ ಇದನ್ನ ನಷ್ಟ ಪರಿಹಾರದ ಥರ ಬರೀತಾರೆ. ಓದಿದವರಿಗೆ ತಮ್ಮಿಂದ ಇನ್ನೊಂದು ಮಗುಗೆ ಏಟು ಬಿತ್ತಲ್ಲಾ ಅನ್ನೋ ಭಾರ ಬೇರೆ. ಅದಕ್ಕಿಂತ ಮುಖ್ಯ, ತಾನಾಗಿ ನಿಜ ಹೇಳಿದ ಹುಡುಗ ಹೊಡೆತ ತಿಂದ್ರೆ ಮುಂದಿನ ಸಲ ಊಟದ ಹೊತ್ತಲ್ಲಿ ಬಾಯಿ ಬಿಡಲ್ಲ. ಮಗು ಮಾಡಿದ್ದನ್ನ ಬರೆದ್ರೆ ಸಾಕು, ಮಗು ಎಂಥವನು ಅಂತ ಬರೆಯೋದು ಬೇಡ. ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧ ಆಗಲ್ಲ ಅಂತ ಭಾರತೀಯ ನ್ಯಾಯ ಸಂಹಿತೆಯ 20ನೇ ಸೆಕ್ಷನ್ನೇ ಹೇಳುತ್ತೆ. ಆರು ವರ್ಷದವನ ಪರವಾಗಿ ಹೊಣೆ ಹೊರಬೇಕಾದವನು ಬೆಂಚಿನ ಮೇಲೆ ಫೋನ್ ಹಿಡ್ಕೊಂಡಿದ್ದ ನಾನು.

ಆಮೇಲೆ ಕಷ್ಟದ ಭಾಗ

ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಆಗ ಕೈ ಸುಮ್ಮನಿರಲ್ಲ, “ಅಕ್ಕಾ, ಕೋಪಾನಾ?” ಅಂತ ಹಾಕ್ಬೇಕು ಅನ್ಸುತ್ತೆ. ಹಾಕಲಿಲ್ಲ. ಉತ್ತರ ಬೇಡ ಅಂತ ಬರೆದ ಮೇಲೆ ಕಾಯಬೇಕು, ಇಲ್ಲಾಂದ್ರೆ ಆ ಸಾಲು ಸುಳ್ಳಾಗುತ್ತೆ. ಅಪಾರ್ಟ್‌ಮೆಂಟ್ ಗ್ರೂಪಲ್ಲೂ ಏನೂ ಬರೀಲಿಲ್ಲ. ಅಲ್ಲಿ ಬರೆದ ಕ್ಷಮೆ ಆ ಮನೆಗಲ್ಲ, ನೋಡೋ ಉಳಿದವರಿಗೆ.

ಮರುದಿನ ಹನ್ನೊಂದಕ್ಕೆ ಅಕ್ಕ ಬರೆದ್ರು: “ನೋಡಿದೆ ತಮ್ಮಾ. ಡಾಕ್ಟರಿಗೆ ಹೇಳಿದೆ, ದವಡಿ ಚೆಕ್ ಮಾಡ್ಯಾರ, ಏನೂ ಇಲ್ಲಂತ.” ಅವರ ಯಜಮಾನರು ಮಾತ್ರ ಲಿಫ್ಟಲ್ಲಿ ಸಿಕ್ಕಾಗ, “ನೀವು ಅಲ್ಲೇ ಇದ್ರಲ್ರೀ?” ಅಂದ್ರು. “ಹೌದು ಸರ್, ಇದ್ದೆ, ನೋಡ್ಲಿಲ್ಲ” ಅಂದೆ. ಅಲ್ಲಿ ಆಫೀಸ್ ಕಾಲ್ ಕಥೆ ತೆಗೆದಿದ್ರೆ ರಾತ್ರಿ ಬರೆದದ್ದೆಲ್ಲ ವಾಪಸ್ ತಗೊಂಡ ಹಾಗಾಗ್ತಿತ್ತು.

ದುಡ್ಡು ಅವರು ತಗೊಳ್ಳಲಿಲ್ಲ, ಒಂದು ಸಲ ಕೇಳಿ ನಾನೂ ಬಿಟ್ಟೆ. ಆದರೆ ಐದನೇ ದಿನ ಹೊಲಿಗೆ ಬಿಚ್ಚಿಸೋಕೆ ನನ್ನ ಕಾರಲ್ಲೇ ಬಂದ್ರು. ‘ಏನಾದ್ರೂ ಬೇಕಾದ್ರೆ ಹೇಳಿ’ ಅಂತ ಬರೆದಿದ್ರೆ ಅವರು ಏನೂ ಕೇಳ್ತಿರಲಿಲ್ಲ. ಇಂಥ ದಿನ ಇಂಥ ಕೆಲಸ ಅಂತ ಬರೆದಿದ್ದಕ್ಕೆ ಒಪ್ಕೊಂಡ್ರು. ಮಗನಿಗೆ ಎಲ್ಲರ ಮುಂದೆ ಸಾರಿ ಹೇಳಿಸಲಿಲ್ಲ. ಅವತ್ತು ಕಾರಲ್ಲಿ ಅವನೂ ಇದ್ದ, “ನೋಯ್ತಾ?” ಅಂತ ಕೇಳ್ದ. ಅವಳು ಗದ್ದ ತೋರಿಸಿದ್ಳು.

ಯಾರು ಮೊದಲು ಹೊಡೆದ್ರು ಅಂತ ಗೊತ್ತಾಗದ ಜಗಳಗಳೂ ಇರ್ತವೆ. ಆಗ ನಮ್ಮ ಮಗುವಿನ ಅರ್ಧ ಮಾತ್ರ ಬರೆದ್ರೆ ಸಾಕು, ಇನ್ನರ್ಧ ಅವರಿಗೆ ಬಿಟ್ಟಿದ್ದು. ಮತ್ತೆ ಮೆಸೇಜ್ ಎಷ್ಟೇ ಸರಿಯಾಗಿದ್ರೂ ಸಂಬಂಧ ಮರುದಿನವೇ ಮೊದಲಿನ ಹಾಗಾಗಲ್ಲ. ಎರಡು ವಾರ ರೊಟ್ಟಿ ಬರಲಿಲ್ಲ. ಅಕ್ಕ ಪ್ಲೇ ಏರಿಯಾದಲ್ಲಿ ತಾವೇ ಕೂತಿರ್ತಿದ್ರು.

ಮೂರನೇ ವಾರ ಒಂದು ಸಂಜೆ ಹಾಲಿಗೆ ಹೊರಟವರು ನನ್ನ ಹತ್ರ ನಿಂತು ಅಂದ್ರು: “ತಮ್ಮಾ, ಹತ್ತು ನಿಮಿಷ ನೋಡ್ಕೊ. ಫೋನ್ ಕಿಸೆದಾಗ ಇಡು.”

ಇಟ್ಟೆ.