ಮುಮ್ಮಡಿ ಮನೆಯ ಓಣಿ

ಸ್ಕ್ರಾಬಲ್ ಆಟದಲ್ಲಿ ಅಂಕ ಗಳಿಸುವುದನ್ನು ಎಲ್ಲರೂ ಬೇಗನೆ ಕಲಿತುಬಿಡುವರು. ಗಳಿಸುವ ಭರದಲ್ಲಿ ಎದುರಾಳಿಗೆ ಬಾಗಿಲು ತೆರೆದುಕೊಡದೆ ಇರುವುದನ್ನು ಕಲಿಯುವುದಕ್ಕೆ ಮಾತ್ರ ಬಹುಕಾಲ ಹಿಡಿಯುತ್ತದೆ. ಹದಿನೆಂಟು ಅಂಕ ಬಂತೆಂದು ನಾವು ಹಿಗ್ಗುತ್ತಿರುವಾಗಲೇ ಎದುರಿನವರು ನಾವಿಟ್ಟ ಅಕ್ಷರವನ್ನೇ ಹಿಡಿದು ನಲವತ್ತೆರಡನ್ನು ಬಾಚಿಕೊಂಡು ಹೋಗುವರು. ಇದು ಹೇಗಾಗುತ್ತದೆಂಬುದನ್ನು ಒಂದೇ ಒಂದು ಸಂದರ್ಭವನ್ನು ತೆಗೆದುಕೊಂಡು ನೋಡೋಣ.

ನ್ಯೂಯಾರ್ಕಿನ ಕಡೆಯ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ಎಂಬವರು 1930ರ ದಶಕದಲ್ಲಿ ಈ ಆಟವನ್ನು ಹೂಡಿದರು. 1948ರಲ್ಲಿ ಅದಕ್ಕೆ ಇಂದಿನ ಹೆಸರು ಬಂದಿತು. ಹಲಗೆಯಲ್ಲಿ ಅಡ್ಡಲಾಗಿ ಹದಿನೈದು, ಲಂಬವಾಗಿ ಹದಿನೈದು ಸಾಲುಗಳಿವೆ. ಮೇಲಿನಿಂದ ಕೆಳಕ್ಕೂ ಎಡದಿಂದ ಬಲಕ್ಕೂ ಅವನ್ನು ಎಣಿಸಿಕೊಳ್ಳೋಣ. ಇಡಿಯ ಪದದ ಬೆಲೆಯನ್ನು ಮೂರರಷ್ಟು ಮಾಡುವ ಮನೆಗಳು ಎಂಟು: ನಾಲ್ಕು ಮೂಲೆಗಳಲ್ಲಿ ನಾಲ್ಕು, ನಾಲ್ಕು ಅಂಚುಗಳ ನಟ್ಟನಡುವೆ ನಾಲ್ಕು. ಇವನ್ನು ಮುಮ್ಮಡಿ ಮನೆಗಳೆಂದು ಕರೆಯೋಣ. ಎಂಟೂ ಅಂಚಿನಲ್ಲೇ ಇರುವುದರಿಂದ ಹಲಗೆಯ ನಡುವೆ ಆಟ ಸಾಗುವವರೆಗೂ ಅವು ಯಾರ ಕೈಗೂ ಸುಲಭವಾಗಿ ಸಿಕ್ಕುವುದಿಲ್ಲ. ಅಂಚಿನ ಮೇಲೆ ಒಂದು ಅಕ್ಷರ ಬಿದ್ದಿತೋ, ಮಾತೇ ಬೇರೆ. ಮೂಲೆಗೂ ನಡುವಿನ ಮುಮ್ಮಡಿಗೂ ನಡುವೆ ಇರುವುದು ಆರೇ ಮನೆಗಳು; ಆದುದರಿಂದ ಅಲ್ಲಿ ಎಲ್ಲೇ ಇಟ್ಟ ಅಕ್ಷರದಿಂದಲೂ ಹತ್ತಿರದ ಮುಮ್ಮಡಿಗೆ ಮೂರು ಹೆಜ್ಜೆಗಿಂತ ಹೆಚ್ಚು ದೂರವಿರುವುದಿಲ್ಲ. ಓಣಿ ತೆರೆಯಿತೆಂದು ಆಟಗಾರರು ಹೇಳುವುದು ಇದನ್ನೇ.

ಈಗ ಆಟಕ್ಕೆ ಬರೋಣ. ನಾವು ಮೊದಲ ಪದವಾಗಿ ‘ಟ್ರೇನ್’ ಎಂಬುದನ್ನು ಎಂಟನೆಯ ಅಡ್ಡಸಾಲಿನಲ್ಲಿ ಏಳನೆಯ ಮನೆಯಿಂದ ಹನ್ನೊಂದನೆಯ ಮನೆಯವರೆಗೆ ಇಟ್ಟೆವು. ಎದುರಾಳಿ ಅದರ ಕೊನೆಯ ಎನ್ ಅಕ್ಷರವನ್ನೇ ಹಿಡಿದು ‘ನೈಟ್’ ಪದವನ್ನು ಕೆಳಮುಖವಾಗಿ ಇಳಿಸಿದರು. ಅದರ ಕೊನೆಯ ಟೀ ಅಕ್ಷರವು ಹನ್ನೆರಡನೆಯ ಅಡ್ಡಸಾಲಿನ ಹನ್ನೊಂದನೆಯ ಮನೆಯಲ್ಲಿ ಕುಳಿತಿದೆ. ಅದರ ಬಲಮಗ್ಗುಲಿನ ಮನೆ ಪದದ ಬೆಲೆಯನ್ನು ಇಮ್ಮಡಿಸುವಂಥದು. ನಮ್ಮ ಕೈಯಲ್ಲಿರುವ ಬಿಲ್ಲೆಗಳು ಎಚ್, ಓ, ಆರ್, ಎನ್, ಬೀ, ಈ, ವೀ. ಇಮ್ಮಡಿ ಮನೆಯ ಮೇಲೆ ನಾಲ್ಕಂಕದ ಎಚ್ ಬೀಳಬೇಕೆಂಬುದು ಯಾರಿಗಾದರೂ ಹೊಳೆಯತಕ್ಕ ಮಾತು. ಟೀ ಆದಮೇಲೆ ಎಚ್ ಬರುವ ಪದ ಯಾವುದು?

ಮೊದಲು ಕಣ್ಣಿಗೆ ಬೀಳುವುದು ‘ಥಾರ್ನ್’, ಎಂದರೆ ಮುಳ್ಳು. ಟೀಯಿಂದ ಹೊರಟು ಬಲಕ್ಕೆ ಸಾಗಿ ಅದರ ಕೊನೆಯ ಎನ್ ಸರಿಯಾಗಿ ಅಂಚಿನ ಮನೆಗೆ ಮುಟ್ಟುತ್ತದೆ. ಆ ಮನೆ ಅಕ್ಷರದ ಬೆಲೆಯನ್ನು ಇಮ್ಮಡಿಸುವುದರಿಂದ ಎನ್‌ಗೆ ಎರಡಂಕ. ಒಟ್ಟು ಒಂಬತ್ತು, ಇಮ್ಮಡಿಸಿದರೆ ಹದಿನೆಂಟು. ಲೆಕ್ಕ ಚೆನ್ನಾಗಿಯೇ ಇದೆ. ಆದರೆ ಬಲದಂಚಿನ ಲಂಬಸಾಲಿನಲ್ಲಿ ಈಗ ಒಂದು ಎನ್ ನಿಂತಿದೆ. ಅದಕ್ಕೆ ಮೇಲೆ ಎಂಟನೆಯ ಮನೆಯಲ್ಲೊಂದು, ಕೆಳಗೆ ಮೂಲೆಯಲ್ಲೊಂದು ಮುಮ್ಮಡಿ. ಎದುರಾಳಿಯ ಕೈಯಲ್ಲಿ ಬೆಲೆಬಾಳುವ ಬಿಲ್ಲೆಯೇನೂ ಇಲ್ಲದಿದ್ದರೂ ಎನ್‌ನಿಂದ ‘ನ್ಯೂಸ್’ ಎಂದು ಕೆಳಗಿಳಿದರೆ ಇಪ್ಪತ್ತೊಂದು. ಕ್ಯೂ ಬಿಲ್ಲೆ ಇದ್ದವರಾದರೆ ಮೇಲಿನಿಂದ ‘ಕ್ವೀನ್’ ಎಂದು ಎನ್‌ವರೆಗೆ ಬರೆದು ನಲವತ್ತೆರಡು ಪಡೆಯುವರು. ಇದಕ್ಕಿಂತ ಘೋರವಾದುದೂ ಒಂದುಂಟು. ಕೇ, ಐ, ಎನ್, ಡೀ, ಈ ಮತ್ತು ಎರಡು ಎಸ್ ಅವರ ಕೈಯಲ್ಲಿದ್ದರೆ ನಮ್ಮ ಎನ್ ಐದನೆಯ ಅಕ್ಷರವಾಗಿ ‘ಕೈಂಡ್ನೆಸ್’ ಎಂಬ ಎಂಟಕ್ಷರದ ಪದ ಎರಡು ಮುಮ್ಮಡಿಗಳನ್ನೂ ಮುಚ್ಚಿಕೊಂಡು ಕೂರುತ್ತದೆ. ಮೂರು ಮೂರಲೆ ಒಂಬತ್ತು, ಹದಿಮೂರರ ಒಂಬತ್ತರಷ್ಟು ನೂರ ಹದಿನೇಳು, ಏಳು ಬಿಲ್ಲೆಗಳನ್ನೂ ಒಮ್ಮೆಗೇ ಇಟ್ಟುದಕ್ಕೆ ಮೇಲೆ ಐವತ್ತು, ಒಟ್ಟು 167. ನಮ್ಮ ಮುಳ್ಳಿಗೆ ಅವರ ಕರುಣೆ! ಇಂಥದು ಅಪರೂಪವೆಂಬುದು ನಿಜ. ಆದರೆ ‘ನ್ಯೂಸ್’ನಂಥವು ಅಪರೂಪವಲ್ಲ, ನಮ್ಮ ಹದಿನೆಂಟನ್ನು ನುಂಗಿಹಾಕುವುದಕ್ಕೆ ಅವೇ ಸಾಕು.

ಹಾಗಾದರೆ ಅಂಚನ್ನು ಮುಟ್ಟದೆ ಒಂದು ಮನೆ ಹಿಂದೆಯೇ ನಿಲ್ಲೋಣವೆಂದು ‘ಬಾದರ್’, ಎಂದರೆ ಪೀಡಿಸು, ಎಂಬ ಪದದ ಕಡೆಗೆ ತಿರುಗಿದೆವೆನ್ನಿ. ಒಂಬತ್ತನೆಯ ಮನೆಯಲ್ಲಿ ಬೀ, ಹತ್ತರಲ್ಲಿ ಓ, ಆಮೇಲೆ ಹಲಗೆಯ ಮೇಲಿನ ಟೀ, ಇಮ್ಮಡಿಯ ಮೇಲೆ ಎಚ್, ಬಳಿಕ ಈ, ಆರ್. ಇಪ್ಪತ್ತೆರಡು ಅಂಕ, ಮೊದಲಿನದಕ್ಕಿಂತ ನಾಲ್ಕು ಹೆಚ್ಚು. ಹಲವರು ಇಲ್ಲಿಯೇ ತೃಪ್ತರಾಗಿಬಿಡುವರು. ಆದರೆ ಈ ಪದ ತನ್ನ ಬಾಲಕ್ಕೆ ಎಸ್ ಅಕ್ಷರವನ್ನು ಸೇರಿಸಿಕೊಳ್ಳುತ್ತದೆಂಬುದನ್ನು ಮರೆಯಬಾರದು. ಎದುರಾಳಿ ಅಂಚಿನ ಖಾಲಿ ಮನೆಯಲ್ಲಿ ಎಸ್ ಇಟ್ಟು ಅದರಿಂದಲೇ ‘ಶಿಪ್’ ಎಂದು ಮೂಲೆಯವರೆಗೆ ಇಳಿದರೆ ಆ ಪದಕ್ಕೆ ಮೂವತ್ತು, ನಮ್ಮ ಪದ ಬೆಳೆದುದಕ್ಕೆ ಹದಿಮೂರು, ಕೂಡಿ ನಲವತ್ತಮೂರು. ನಮ್ಮ ಪದದ ಅಂಕವನ್ನು ಅವರು ಇನ್ನೊಮ್ಮೆ ಎಣಿಸಿಕೊಳ್ಳುವರೆಂಬುದೇ ಇಲ್ಲಿಯ ಕೇಡು. ಅಂಚಿಗೆ ಒಂದು ಮನೆ ಈಚೆ ನಿಂತ ಪದ, ಬಾಲಕ್ಕೆ ಅಕ್ಷರ ಹಿಡಿಯುವುದಾದರೆ, ಅಂಚನ್ನು ಮುಟ್ಟಿದ ಪದಕ್ಕಿಂತಲೂ ಕೆಟ್ಟದಾಗಬಹುದು.

ಎಡಕ್ಕೆ ತಿರುಗಿಸಿ ‘ನಾರ್ತ್’ ಎಂದಿಡಬಹುದಲ್ಲ ಎಂದು ಚುರುಕಾದ ವಾಚಕರು ಕೇಳಿಯಾರು. ಅದೇ ನಾಲ್ಕು ಬಿಲ್ಲೆಗಳು, ಅದೇ ಹದಿನೆಂಟು ಅಂಕ, ಬಲದಂಚಿಗೆ ಭಯವಿಲ್ಲ. ಆದರೆ ಅದರ ಎನ್ ಎಂಟನೆಯ ಲಂಬಸಾಲಿನಲ್ಲಿ ಬೀಳುತ್ತದೆ. ಆ ಸಾಲಿನ ತುದಿಯಲ್ಲಿಯೂ, ಕೆಳಗೆ ಮೂರೇ ಹೆಜ್ಜೆಯಲ್ಲಿ, ಮುಮ್ಮಡಿ ಕಾದಿದೆ. ಅದೇ ‘ನ್ಯೂಸ್’ ಅಲ್ಲಿಗೂ ಬರುತ್ತದೆ. ಅಂಚುಗಳನ್ನು ಕಾಯುವವರು ಹಲಗೆಯ ನಡುಸಾಲುಗಳೂ ಓಣಿಗಳೇ ಎಂಬುದನ್ನು ಮರೆಯುವುದುಂಟು.

ನಾವು ಇಡುವುದು ‘ಬೋತ್’. ಬೀ ಒಂಬತ್ತನೆಯ ಮನೆಯಲ್ಲಿ, ಓ ಹತ್ತರಲ್ಲಿ, ನಡುವೆ ಟೀ, ಕೊನೆಯ ಎಚ್ ಇಮ್ಮಡಿಯ ಮೇಲೆ. ಮೂರು, ಒಂದು, ಒಂದು, ನಾಲ್ಕು. ಕೂಡಿ ಒಂಬತ್ತು, ಇಮ್ಮಡಿಸಿದರೆ ಹದಿನೆಂಟೇ. ಖರ್ಚಾದುದು ಮೂರೇ ಬಿಲ್ಲೆ. ಪದ ಎಂಟನೆಯ ಸಾಲಿಗೂ ಹೋಗಲಿಲ್ಲ. ಬಲದಂಚಿಗೂ ಅದಕ್ಕೂ ನಡುವೆ ಎರಡು ಖಾಲಿ ಮನೆಗಳು ಉಳಿದುವು. ಎಸ್ ಒಂದನ್ನೇ ಸೇರಿಸಿ ಇದನ್ನು ಬೆಳೆಸಲಾಗದು. ದೊಡ್ಡ ನಿಘಂಟುಗಳಲ್ಲಿ ಕೊನೆಗೆ ವೈ ಸೇರಿಸಿದರೆ ಸ್ಕಾಟ್ಲೆಂಡಿನ ಗುಡಿಸಲೊಂದರ ಹೆಸರಾಗುತ್ತದೆ; ಅದನ್ನು ಬಲ್ಲವರು ವೈ ಇಟ್ಟರೂ ಅದು ಹದಿಮೂರನೆಯ ಲಂಬಸಾಲಿನಲ್ಲಿ ಬೀಳುವುದೇ ಹೊರತು ಅಂಚಿನಲ್ಲಲ್ಲ. ಈ, ಆರ್, ಎಸ್ ಮೂರನ್ನೂ ಒಟ್ಟಿಗೆ ಹಚ್ಚಿ ಅಂಚಿಗೆ ಹೋದರೆ ಅವರಿಗೆ ಸಿಕ್ಕುವುದು ಹದಿಮೂರು. ಓಣಿ ತೆರೆಯುವುದು ಅವರ ಕೈಯಿಂದ, ನುಗ್ಗುವ ಸರದಿ ನಮ್ಮದು.

‘ಬಾದರ್’ ಕೊಡುವ ನಾಲ್ಕು ಹೆಚ್ಚಿನ ಅಂಕಗಳನ್ನು ಎಂದೂ ಮುಟ್ಟಕೂಡದೆಂದಲ್ಲ. ಇಂಗ್ಲಿಷ್ ಆಟದ ನೂರು ಬಿಲ್ಲೆಗಳಲ್ಲಿ ಎಸ್ ಇರುವುವು ನಾಲ್ಕೇ. ಯಾವ ಅಕ್ಷರವಾಗಿಯಾದರೂ ನಿಲ್ಲಬಲ್ಲ ಬರಿಯ ಬಿಲ್ಲೆಗಳು ಎರಡು. ಈ ಆರೂ ಹಲಗೆಯ ಮೇಲೋ ನಮ್ಮ ಕೈಯಲ್ಲೋ ಇವೆಯೆಂದಾದರೆ ಆ ಬಾಲಕ್ಕೆ ಯಾರೂ ಎಸ್ ಹಚ್ಚಲಾರರು. ಆಗ ಇಪ್ಪತ್ತೆರಡನ್ನು ನಿಶ್ಚಿಂತೆಯಿಂದ ತೆಗೆದುಕೊಳ್ಳಬಹುದು. ಚೀಲ ಬರಿದಾಗುತ್ತ ಬಂದು ನಾವು ಐವತ್ತು ಅರವತ್ತು ಅಂಕ ಹಿಂದೆ ಬಿದ್ದಿರುವಾಗಲಂತೂ ‘ಥಾರ್ನ್’ ಇಟ್ಟು ಓಣಿಯನ್ನು ನಾವೇ ತೆರೆಯುವುದು ಸರಿಯಾದೀತು. ಮುಚ್ಚಿದ ಹಲಗೆಯಲ್ಲಿ ಅಷ್ಟನ್ನು ಹಿಡಿಯುವ ದಾರಿ ಬೇರಿರುವುದಿಲ್ಲ. ಆಟದ ಮೂರನೆಯ ಪದಕ್ಕೆ, ಎಸ್‌ಗಳು ಇನ್ನೂ ಎಲ್ಲಿವೆಯೆಂದು ತಿಳಿಯದಿರುವಾಗ, ನಮ್ಮ ಮತ ‘ಬೋತ್’ ಕಡೆಗೇ.